ಮಾನಿಟರ್ ಕೆಳಗಿದ್ದ ಮಣೆ

ಕಣ್ಣುರಿ ಅಂತ ನನ್ನ ಹತ್ತಿರ ಬರುವವರಿಗೆ ಈಗೀಗ ಒಂದು ಕೆಲಸ ಹೇಳುತ್ತೇನೆ. ಕಂಪ್ಯೂಟರ್ ಮುಂದೆ ಕೂತಿರುವಾಗ ಪಕ್ಕದಿಂದ ಒಂದು ಫೋಟೋ ತೆಗೆಸಿಕೊಂಡು ಬನ್ನಿ, ಅದೂ ಮಧ್ಯಾಹ್ನ ಮೂರರ ಮೇಲೆ. ಬೆಳಿಗ್ಗೆ ಎಲ್ಲರೂ ನೆಟ್ಟಗೇ ಕೂತಿರುತ್ತಾರೆ.

ಹೋದ ವರ್ಷ ಬಂದವರೊಬ್ಬರಿಗೆ 47 ವಯಸ್ಸು. ಮನೆಯಿಂದಲೇ ಲೆಕ್ಕಪತ್ರದ ಕೆಲಸ, ದಿನಕ್ಕೆ ಎಂಟು ಒಂಬತ್ತು ಗಂಟೆ. ಸಂಜೆಯಾದರೆ ಕಣ್ಣು ಉರಿ, ನೀರು ಬೇರೆ ಸುರಿಯುತ್ತೆ, ಕತ್ತಿನ ಹಿಂದೆ ನೋವು. ಒಂದೇ ವರ್ಷದಲ್ಲಿ ಎರಡು ಸಲ ಕನ್ನಡಕ ಬದಲಾಯಿಸಿದ್ದರು. ನಾನು ನೋಡಿದಾಗ ಪವರ್ ಸರಿಯಾಗೇ ಇತ್ತು, ಒಂದೇ ಗಾಜಿನಲ್ಲಿ ಮೇಲೆ ದೂರಕ್ಕೆ, ಕೆಳಗೆ ಹತ್ತಿರಕ್ಕೆ ಪವರ್ ಇರುವ ಪ್ರೋಗ್ರೆಸ್ಸಿವ್ ಕನ್ನಡಕ.

ಫೋಟೋ ನೋಡಿದರೆ 24 ಇಂಚಿನ ಮಾನಿಟರ್, ಅದರ ಕೆಳಗೆ ಹಬ್ಬದ ಊಟಕ್ಕೆ ಹಾಕುವ ಮರದ ಮಣೆ! "ಸ್ಕ್ರೀನು ಕಣ್ಣಿನ ಮಟ್ಟಕ್ಕೆ ಇರಬೇಕಂತೆ ಡಾಕ್ಟ್ರೇ, ಮಗ ಎಲ್ಲೋ ಓದಿ ಇಟ್ಟುಕೊಟ್ಟ" ಅಂದರು. ಈ ಮಾತು ಅರ್ಧ ಮಾತ್ರ ಸರಿ. ಕಣ್ಣಿನ ಮಟ್ಟಕ್ಕೆ ಇರಬೇಕಾದ್ದು ಸ್ಕ್ರೀನಿನ ಮೇಲಂಚು, ಅಥವಾ ಅದಕ್ಕೂ ಸ್ವಲ್ಪ ಕೆಳಗೆ. ಇವರ ಮೇಲಂಚು ಕಣ್ಣಿಗಿಂತ ಸುಮಾರು 9 ಸೆಂ.ಮೀ. ಮೇಲಿತ್ತು.

ಇದರಿಂದ ಏನಾಗುತ್ತೆ? ಕನ್ನಡಿ ಮುಂದೆ ನಿಂತು ಒಮ್ಮೆ ಮೇಲೆ ನೋಡಿ, ಆಮೇಲೆ ಪುಸ್ತಕ ಓದುವ ಹಾಗೆ ಕೆಳಗೆ ನೋಡಿ. ಮೇಲೆ ನೋಡಿದಾಗ ರೆಪ್ಪೆ ಅಗಲ ತೆರೆಯುತ್ತೆ, ಕೆಳಗೆ ನೋಡಿದಾಗ ಅರ್ಧ ಮುಚ್ಚುತ್ತೆ. ಹೆಚ್ಚು ತೆರೆದಷ್ಟೂ ಕಣ್ಣೀರಿನ ಪದರ ಬೇಗ ಆರುತ್ತೆ. ಸ್ಕ್ರೀನ್ ನೋಡುವಾಗ ರೆಪ್ಪೆ ಬಡಿಯುವುದೂ ಅರ್ಧಕ್ಕಿಂತ ಕಡಿಮೆಯಾಗಬಹುದು, ಎರಡೂ ಸೇರಿದರೆ ಉರಿ ಗ್ಯಾರಂಟಿ. ನೀರು ಸುರಿಯುವುದೂ ಒಣಗಿದ್ದಕ್ಕೇ, ಕಣ್ಣು ಗಾಬರಿಯಾಗಿ ಒಂದೇ ಸಲ ಸುರಿಸಿಬಿಡುತ್ತೆ. ಕತ್ತು ನೋವು ಪ್ರೋಗ್ರೆಸ್ಸಿವ್‌ನದು. ಅದರಲ್ಲಿ ಕಂಪ್ಯೂಟರ್ ಇರುವಷ್ಟು ದೂರಕ್ಕೆ ಬೇಕಾದ ಪವರ್ ಗಾಜಿನ ನಡುವಿಗಿಂತ ಕೆಳಗೆ, ಕಿರಿದಾದ ಓಣಿಯ ಹಾಗೆ ಇರುತ್ತೆ. ಸ್ಕ್ರೀನ್ ಎತ್ತರದಲ್ಲಿದ್ದರೆ ಗದ್ದ ಎತ್ತಿಕೊಂಡೇ ಓದಬೇಕು.

ಹಾಗಂತ ಮೊದಲು ಮಾನಿಟರ್ ಮುಟ್ಟಬಾರದು, ಶುರು ಕುರ್ಚಿಯಿಂದ. ಕುರ್ಚಿ ಏರಿಸಿದರೆ ಕಣ್ಣೂ ಏರುತ್ತೆ ಅಲ್ವಾ, ಮಾನಿಟರ್ ಮೊದಲು ಹೊಂದಿಸಿದ್ದರೆ ಆ ಲೆಕ್ಕ ಕೆಟ್ಟಹಾಗೆ. ಇವರ ಎತ್ತರ 5 ಅಡಿ 1 ಇಂಚು, ಟೇಬಲ್ ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ 75 ಸೆಂ.ಮೀ.ನದು, ಕುರ್ಚಿಯ ಸೀಟು 44 ಸೆಂ.ಮೀ. ಭುಜ ಎತ್ತಿಕೊಂಡು ಟೈಪ್ ಮಾಡುತ್ತಿದ್ದರು. ಮೊಣಕೈ ಟೇಬಲ್ ಮಟ್ಟಕ್ಕೆ ಬರುವವರೆಗೆ ಏರಿಸಿ ಅಂದೆ. ಸೀಟು 52ಕ್ಕೆ ಹೋಯಿತು, ಕಾಲು ನೆಲ ಬಿಟ್ಟು ತೂಗಾಡತೊಡಗಿತು. ಆಗ ಮಾನಿಟರ್ ಕೆಳಗಿನ ಮಣೆ ತೆಗೆದು ಕಾಲ ಕೆಳಗಿಟ್ಟರು. ಅಷ್ಟೇ. ಒಂದು ರೂಪಾಯಿ ಖರ್ಚಿಲ್ಲ.

ಈಗ ಮೇಲಂಚು ಕಣ್ಣಿಗಿಂತ ಏಳು ಸೆಂ.ಮೀ. ಕೆಳಗೆ, ಸ್ಕ್ರೀನಿನ ನಡುಭಾಗ ಸುಮಾರು 22 ಸೆಂ.ಮೀ. ಕೆಳಗೆ. ಪ್ರೋಗ್ರೆಸ್ಸಿವ್ ಹಾಕುವವರಿಗೆ ಇದು ಒಳ್ಳೆಯದು. ಕನ್ನಡಕ ಇಲ್ಲದ ಹುಡುಗರಿಗೆ ಇಷ್ಟು ತಗ್ಗು ಬೇಕಿಲ್ಲ, ಮೇಲಂಚು ಕಣ್ಣಿನ ನೇರಕ್ಕಿದ್ದರೆ ಸಾಕು. ಸ್ಕ್ರೀನನ್ನು ಸ್ವಲ್ಪ ಹಿಂದಕ್ಕೆ ಓರೆ ಮಾಡಿ, ಆದರೆ ಮೇಲಿನ ಟ್ಯೂಬ್‌ಲೈಟ್ ಅದರಲ್ಲಿ ಕಾಣುವಷ್ಟು ಬೇಡ.

ದೂರದ ಕಥೆ ಬೇರೆ. ಅಕ್ಷರ ಸಣ್ಣದು ಅಂತ ಮಾನಿಟರನ್ನು 45 ಸೆಂ.ಮೀ.ಗೆ ಎಳೆದುಕೊಂಡಿದ್ದರು. ಹತ್ತಿರ ಬಂದಷ್ಟೂ ಕಣ್ಣೊಳಗಿನ ಸ್ನಾಯು ಹೆಚ್ಚು ಬಿಗಿಯಬೇಕು, ಎರಡು ಕಣ್ಣೂ ಹೆಚ್ಚು ಒಳಗೆ ತಿರುಗಬೇಕು. ಒರಗಿ ಕೂತು ಕೈ ಚಾಚಿದರೆ ಬೆರಳ ತುದಿ ಸ್ಕ್ರೀನಿಗೆ ತಾಗಬೇಕು, ಅಷ್ಟು ದೂರ ಸಾಕು. ಇವರಿಗೆ 65 ಬಂತು. ಅಕ್ಷರ ಕಾಣದಿದ್ದರೆ ಮಾನಿಟರ್ ಎಳೆಯಬೇಡಿ, Ctrl ಒತ್ತಿ + ಒತ್ತಿ. ಎಕ್ಸೆಲ್‌ನಲ್ಲಾದರೆ ಕೆಳಗಿನ ಬಲ ಮೂಲೆಯ ಝೂಮ್ 125%ಗೆ ಇಡಿ. ಕಾಲಂ ಒಂದೆರಡು ಕಡಿಮೆ ಕಾಣುತ್ತೆ ಅಂತ ಗೊಣಗಿದರು, ಎರಡು ದಿನಕ್ಕೆ ಅಭ್ಯಾಸ ಆಯಿತು.

ಲ್ಯಾಪ್‌ಟಾಪ್‌ನಲ್ಲಿ ಸ್ಕ್ರೀನೂ ಕೀಬೋರ್ಡೂ ಅಂಟಿಕೊಂಡಿರುವುದರಿಂದ ಎರಡನ್ನೂ ಒಟ್ಟಿಗೆ ಸರಿ ಮಾಡಲಾಗುವುದಿಲ್ಲ. ದಿನವಿಡೀ ಕೆಲಸ ಇದ್ದರೆ ಬೇರೆ ಕೀಬೋರ್ಡ್ ತಗೊಳ್ಳಿ. ನೀಲಿ ಬೆಳಕು ತಡೆಯುವ ಕನ್ನಡಕಕ್ಕೆ ಸುಮ್ನೆ ಸುರಿಯುವ ದುಡ್ಡಿನಲ್ಲೇ ಬರುತ್ತೆ.

ಇದೆಲ್ಲ ಸಂಜೆ ಹೊತ್ತಿಗೆ ಬರುವ ಉರಿಗೆ. ಬೆಳಿಗ್ಗೆ ಏಳುವಾಗಲೇ ಉರಿ ಇದ್ದರೆ, ಒಂದು ಎರಡಾಗಿ ಕಂಡರೆ, ಟೇಬಲ್ ಬಿಟ್ಟು ಕಣ್ಣು ತೋರಿಸಿ.

ಮೂರು ವಾರ ಬಿಟ್ಟು ಬಂದರು. ಕತ್ತು ನೋವಿಲ್ಲ, ಉರಿ ಮುಕ್ಕಾಲು ಪಾಲು ಕಡಿಮೆ, ಪೂರ್ತಿ ಹೋಗಿಲ್ಲ. ಹೊಸ ಫೋಟೋ ಕೇಳಿದೆ. ಮಾನಿಟರ್ ಪಕ್ಕದಲ್ಲೇ ಟೇಬಲ್ ಫ್ಯಾನು, ನೇರ ಮುಖಕ್ಕೆ. ಮೊದಲ ಫೋಟೋದಲ್ಲೂ ಅದು ಇತ್ತು, ಮಣೆ ನೋಡುವ ಭರದಲ್ಲಿ ನಾನೇ ಗಮನಿಸಿರಲಿಲ್ಲ. ಈಗ ಫ್ಯಾನು ಟೇಬಲ್ ಕೆಳಗೆ, ಕಾಲಿನ ಕಡೆ ತಿರುಗಿದೆ.