ನಾಲ್ಕು ಇಂಚಿನ ಪೈಪಿನಲ್ಲಿ ನಾಲ್ಕು ಇಂಚು ಎಲ್ಲಿದೆ?

ಹುಬ್ಬಳ್ಳಿಯ ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ನೀರಿನ ಲೈನಿಗೆ ಹೊಸದಾಗಿ ಕೂರಿಸಿದ ಮೀಟರು ತಾಸಿಗೆ 44 ಘನ ಮೀಟರ್ ಹರಿವು ತೋರಿಸುತ್ತಿತ್ತು, ಆದರೆ ಟ್ಯಾಂಕು ತುಂಬುವ ಹೊತ್ತನ್ನು ಲೆಕ್ಕ ಹಾಕಿದರೆ 40ಕ್ಕಿಂತ ಹೆಚ್ಚು ಬರುತ್ತಿರಲಿಲ್ಲ. ಪೈಪು ಎಷ್ಟರದ್ದೆಂದು ಕೇಳಿದಾಗ ಫಿಟ್ಟರ್ "ನಾಲ್ಕು ಇಂಚಿಂದರೀ ಸರ್" ಎಂದ. ಆ ಉತ್ತರ ತಪ್ಪಲ್ಲ, ಆದರೆ ಮೀಟರಿಗೆ ಬೇಕಾದ ಒಳವ್ಯಾಸ ಅದರಿಂದ ತಿಳಿಯುವುದಿಲ್ಲ.

ಉಕ್ಕಿನ ಪೈಪಿನ 'ನಾಲ್ಕು ಇಂಚು' ಎಂಬುದು ಗುರುತಿನ ಹೆಸರು ಮಾತ್ರ. ಹಿಂದಿನ ಕಬ್ಬಿಣದ ಪೈಪುಗಳಲ್ಲಿ ಆ ಅಂಕಿಯು ಒಳವ್ಯಾಸಕ್ಕೆ ಹತ್ತಿರವಾಗಿಯೇ ಇತ್ತು. ಮುಂದೆ ಹೆಚ್ಚು ಒತ್ತಡಕ್ಕೆ ದಪ್ಪ ಗೋಡೆಯ ಪೈಪುಗಳು ಬೇಕಾದಾಗ, ಥ್ರೆಡ್ ಹಾಕುವ ಡೈಗಳು, ಕಪ್ಲಿಂಗ್‌ಗಳು, ಕ್ಲ್ಯಾಂಪುಗಳು ಎಲ್ಲವೂ ಹೊರಮೈಗೆ ಹೊಂದುವಂಥವಾದ್ದರಿಂದ, ಹೊರವ್ಯಾಸವನ್ನು ಹಾಗೆಯೇ ಉಳಿಸಿಕೊಂಡು ದಪ್ಪವನ್ನು ಒಳಮುಖವಾಗಿ ಬೆಳೆಸಲಾಯಿತು. ಹೀಗಾಗಿ ಗೋಡೆಯ ದಪ್ಪವನ್ನು ಗುರುತಿಸುವ 'ಶೆಡ್ಯೂಲ್' ಸಂಖ್ಯೆ ಯಾವುದೇ ಇದ್ದರೂ ನಾಲ್ಕು ಇಂಚಿನ ಪೈಪಿನ ಹೊರವ್ಯಾಸ 114.3 ಮಿ.ಮೀ. ಹದಿನಾಲ್ಕು ಇಂಚು ಮತ್ತು ಅದಕ್ಕಿಂತ ದೊಡ್ಡ ಪೈಪುಗಳಲ್ಲಿ ಮಾತ್ರ ಹೆಸರೂ ಹೊರವ್ಯಾಸವೂ ಒಂದೇ ಆಗುತ್ತವೆ. (ಹೊಲಕ್ಕೆ ಹಾಕುವ 110 ಮಿ.ಮೀ. ಪಿವಿಸಿ ಪೈಪಿನಲ್ಲಿ ಆ 110 ಎಂಬುದೇ ಹೊರವ್ಯಾಸ; ಆ ರೂಢಿಯನ್ನು ಉಕ್ಕಿಗೆ ಅನ್ವಯಿಸಬಾರದು.)

ಲೆಕ್ಕ ಸರಳ: ಹೊರವ್ಯಾಸದಿಂದ ಗೋಡೆಯ ದಪ್ಪದ ಎರಡು ಪಟ್ಟನ್ನು ಕಳೆಯಬೇಕು, ಏಕೆಂದರೆ ವ್ಯಾಸವನ್ನು ಅಳೆಯುವ ಗೆರೆ ಗೋಡೆಯನ್ನು ಎರಡೂ ಕಡೆ ದಾಟುತ್ತದೆ. ಶೆಡ್ಯೂಲ್ 40ರ ದಪ್ಪ 6.02 ಮಿ.ಮೀ. ಆದ್ದರಿಂದ ಒಳವ್ಯಾಸ 102.26, ಶೆಡ್ಯೂಲ್ 80ರ ದಪ್ಪ 8.56 ಆದ್ದರಿಂದ 97.18. ಒಂದೇ ಸಲ ಕಳೆಯುವುದು, ಇಲ್ಲವೇ 114.3ರ ಬದಲು 100ರಿಂದ ಕಳೆಯುವುದು ನಾನು ಪದೇ ಪದೇ ಕಾಣುವ ತಪ್ಪುಗಳು.

ಗೋಕುಲ ರಸ್ತೆಯ ಲೈನು ಶೆಡ್ಯೂಲ್ 80ರದ್ದಾಗಿದ್ದು, ಮೀಟರಿಗೆ ಶೆಡ್ಯೂಲ್ 40ರ ಒಳವ್ಯಾಸವನ್ನು ಕೊಡಲಾಗಿತ್ತು. ಆ ಮೀಟರು ನೀರಿನ ವೇಗವನ್ನು ಅಳೆದು, ನಾವು ಕೊಟ್ಟ ಒಳವ್ಯಾಸದಿಂದ ಸಿಗುವ ವಿಸ್ತೀರ್ಣದಿಂದ ಗುಣಿಸುವಂಥದ್ದು. ವೇಗ ಸೆಕೆಂಡಿಗೆ 1.5 ಮೀಟರ್ ಇದ್ದಾಗ 102.26ಕ್ಕೆ ತಾಸಿಗೆ ಸುಮಾರು 44 ಘನ ಮೀಟರ್ ಬರುತ್ತದೆ, 97.18ಕ್ಕೆ 40. ವ್ಯಾಸದ ವ್ಯತ್ಯಾಸ ಐದು ಮಿ.ಮೀ. ಆದರೂ ವಿಸ್ತೀರ್ಣ ವ್ಯಾಸದ ವರ್ಗಕ್ಕೆ ಅನುಗುಣವಾಗಿರುವುದರಿಂದ ಹರಿವಿನಲ್ಲಿ ಶೇಕಡಾ ಹತ್ತಕ್ಕೂ ಹೆಚ್ಚು ಏರುಪೇರಾಯಿತು.

ಹೊರಗಿನಿಂದ ಟೇಪು ಸುತ್ತಿದರೆ ಎರಡೂ ಶೆಡ್ಯೂಲುಗಳಿಗೆ ಸುಮಾರು 359 ಮಿ.ಮೀ. ಸುತ್ತಳತೆಯೇ ಸಿಗುತ್ತದೆ, ಹಾಗಾಗಿ ಕೂರಿಸಿದ ಪೈಪಿನ ಶೆಡ್ಯೂಲನ್ನು ಟೇಪಿನಿಂದ ಹೇಳಲಾಗದು. ನಾವು ಬಣ್ಣವನ್ನು ಕೆರೆದು ಅಲ್ಟ್ರಾಸಾನಿಕ್ ದಪ್ಪಮಾಪಕವನ್ನು ನಾಲ್ಕು ಕಡೆ ಇಟ್ಟು ನೋಡಿದೆವು, ಸರಾಸರಿ 8.4 ಬಂತು. ಸಾಮಾನ್ಯ ಇಂಗಾಲ ಉಕ್ಕಿನ ಪೈಪುಗಳಲ್ಲಿ ಗೋಡೆಯು ಕೋಷ್ಟಕದಲ್ಲಿರುವ ದಪ್ಪಕ್ಕಿಂತ ಶೇಕಡಾ 12.5ರಷ್ಟು ತೆಳುವಾಗಿರಲು ಅವಕಾಶವಿರುವುದರಿಂದ, ಇದು ಶೆಡ್ಯೂಲ್ 80ರ ಮಿತಿಯೊಳಗೇ ಇದೆ. ಆದರೂ ಮೀಟರಿಗೆ ಕೋಷ್ಟಕದ 97.18ರ ಬದಲು, ಅಳೆದ ದಪ್ಪದಿಂದ ಬಂದ 97.5 ಅನ್ನೇ ಕೊಟ್ಟೆವು, ಮತ್ತು ಟ್ಯಾಂಕಿನ ಲೆಕ್ಕ ಸರಿಹೊಂದಿತು.