ಐಹೊಳೆ ಪ್ರಶಸ್ತಿಯನ್ನು ಎಷ್ಟು ನಂಬಬೇಕು? ಕರ್ತೃ, ಉದ್ದೇಶ, ಕಾಲ: ಮೂರು ಪ್ರಶ್ನೆಗಳಿಂದ ಒಂದು ಶಾಸನದ ಪರೀಕ್ಷೆ

ಪ್ರಾಥಮಿಕ ಆಕರದ ವಿಶ್ವಾಸಾರ್ಹತೆ ಅಳೆಯಿರಿ ಎಂಬ ಪ್ರಶ್ನೆಗೆ ಹೆಚ್ಚಿನವರು ಬರೆಯುವ ಉತ್ತರ ಎರಡೇ ಬಗೆ. "ಸಮಕಾಲೀನ ಶಾಸನ, ಆದ್ದರಿಂದ ನಂಬಬಹುದು" ಎಂಬುದು ಒಂದು. "ಆಸ್ಥಾನ ಕವಿಯ ಹೊಗಳಿಕೆ, ಆದ್ದರಿಂದ ನಂಬಲಾಗದು" ಎಂಬುದು ಇನ್ನೊಂದು. ಎರಡೂ ತಪ್ಪು. ಒಂದೇ ಶಾಸನ ಒಂದು ವಿಷಯಕ್ಕೆ ಗಟ್ಟಿ ಸಾಕ್ಷಿಯಾಗಿ, ಇನ್ನೊಂದಕ್ಕೆ ಏನೂ ಅಲ್ಲದೆ ಹೋಗಬಹುದು. ಹಾಗಾಗಿ ಮೊದಲು "ಯಾವ ವಿಷಯಕ್ಕೆ ಸಾಕ್ಷಿ?" ಎಂದು ಕೇಳಿಕೊಂಡು, ಆಮೇಲೆ ಕರ್ತೃ, ಉದ್ದೇಶ, ಕಾಲಗಳಿಗೆ ಬರಬೇಕು. ಇಮ್ಮಡಿ ಪುಲಕೇಶಿಯ ಐಹೊಳೆ ಶಾಸನವನ್ನೇ ಇಟ್ಟುಕೊಂಡು ನೋಡೋಣ. ಬಾಗಲಕೋಟೆ ಜಿಲ್ಲೆಯ ಐಹೊಳೆಯಲ್ಲಿ, ಗುಡ್ಡದ ಮೇಲಿನ ಮೇಗುತಿ ಜಿನಾಲಯದ ಪೂರ್ವದ ಗೋಡೆಯಲ್ಲಿ ಅದಿದೆ. 19 ಸಾಲು, ಸಂಸ್ಕೃತ ಪದ್ಯ, ಹಳೆಯ ಕನ್ನಡ ಲಿಪಿ.

ಕರ್ತೃ ಯಾರು

ಇಲ್ಲಿ ಊಹೆ ಬೇಕಿಲ್ಲ, ಶಾಸನವೇ ಹೇಳುತ್ತದೆ. ಈ ಪ್ರಶಸ್ತಿಯನ್ನು, ಅಂದರೆ ರಾಜನನ್ನು ಹೊಗಳುವ ಶಾಸನವನ್ನು, ಬರೆದವನೂ ಈ ಬಸದಿಯನ್ನು ಕಟ್ಟಿಸಿದವನೂ ರವಿಕೀರ್ತಿಯೇ. ಸತ್ಯಾಶ್ರಯನ, ಅಂದರೆ ಪುಲಕೇಶಿಯ, ಪರಮ ಪ್ರಸಾದ ತನಗೆ ದೊರೆತಿದೆ ಎಂದೂ ಅವನು ಹೇಳಿಕೊಳ್ಳುತ್ತಾನೆ. ಈ ಎರಡು ಮಾತಿನಿಂದ ಎರಡು ಸಂಗತಿ ತಿಳಿಯುತ್ತವೆ. ಅರಮನೆಯ ಸುದ್ದಿ ಅವನಿಗೆ ಹತ್ತಿರದಿಂದ ಗೊತ್ತಿತ್ತು. ರಾಜನ ಸೋಲನ್ನು ಬರೆಯುವ ಸ್ಥಿತಿಯಲ್ಲಿ ಮಾತ್ರ ಅವನಿರಲಿಲ್ಲ. ಗೊತ್ತಿರುವುದು ಬೇರೆ, ಹೇಳಬಲ್ಲವನಾಗಿರುವುದು ಬೇರೆ. ಕರ್ತೃವಿನ ಬಗ್ಗೆ ಬರೆಯುವಾಗ ಇವೆರಡನ್ನೂ ಬಿಡಿಸಿ ಬರೆಯಿರಿ.

ಉದ್ದೇಶ ಏನು

ಬಸದಿ ಕಟ್ಟಿಸಿದ ದಾಖಲೆ, ಆಶ್ರಯದಾತನ ಕೀರ್ತನೆ, ಕವಿಯ ಪಾಂಡಿತ್ಯದ ಪ್ರದರ್ಶನ ಮೂರೂ ಇಲ್ಲಿ ಸೇರಿವೆ. ಹರ್ಷವರ್ಧನನ ಸೋಲಿನ ಪದ್ಯದಲ್ಲಿ ಇದು ಎದ್ದು ಕಾಣುತ್ತದೆ: "ಭಯವಿಗಲಿತಹರ್ಷೋ ಯೇನ ಚಾಕಾರಿ ಹರ್ಷಃ". ಭಯದಿಂದ ಹರ್ಷನ ಹರ್ಷವೇ ಜಾರಿಹೋಯಿತು ಎಂಬ ಶ್ಲೇಷೆ. ಯುದ್ಧದಲ್ಲಿ ಅವನ ಆನೆಗಳು ಬಿದ್ದವು ಎಂಬುದು ಪದ್ಯದಲ್ಲಿದೆ, ಮುಂದಿನ ಪದ್ಯದಲ್ಲಿ ವಿಂಧ್ಯ ಪರ್ವತದ, ರೇವಾ ಅಂದರೆ ನರ್ಮದಾ ನದಿಯ ಹೆಸರುಗಳಿವೆ. ಯುದ್ಧ ನಡೆಯಿತು, ನರ್ಮದೆಯ ಆಸುಪಾಸಿನಲ್ಲಿ ನಡೆಯಿತು ಎನ್ನಲು ಇದು ಆಧಾರ. ಹರ್ಷ ಎಷ್ಟು ಹೆದರಿದ ಎನ್ನಲು ಆಧಾರವಲ್ಲ, ಆ ಭಯ ಅವನ ಹೆಸರಿನ ಜೊತೆ ಆಡಿದ ಶಬ್ದಚಮತ್ಕಾರದಿಂದ ಬಂದದ್ದು.

ಉದ್ದೇಶಕ್ಕೆ ಸಂಬಂಧವೇ ಇಲ್ಲದೆ, ಹಾದು ಹೋಗುವಾಗ ಬಂದ ಮಾತನ್ನು ಹೆಚ್ಚು ನಂಬಬಹುದು. ರವಿಕೀರ್ತಿ ತನ್ನ ಕೀರ್ತಿಯನ್ನು ಕಾಳಿದಾಸ, ಭಾರವಿಯರ ಕೀರ್ತಿಗೆ ಹೋಲಿಸಿಕೊಳ್ಳುತ್ತಾನೆ. ಅವನು ಅವರಷ್ಟು ದೊಡ್ಡ ಕವಿಯೇ ಎಂಬುದನ್ನು ಬದಿಗಿಡಿ. ಅವರಿಬ್ಬರೂ ಅಷ್ಟರೊಳಗೆ ಐಹೊಳೆಯವರೆಗೂ ಹೆಸರಾಗಿದ್ದರು ಎಂಬುದು ಮಾತ್ರ ಖಚಿತ. ಅವರ ಕಾಲ ಇದಕ್ಕಿಂತ ಈಚೆಗೆ ಬರಲಾರದು ಎಂದು ವಿದ್ವಾಂಸರು ಹೇಳುವುದು ಈ ಸಾಲಿನ ಬಲದಿಂದಲೇ. ಕವಿಗೆ ಇದನ್ನು ಸಾಬೀತು ಮಾಡುವ ಇರಾದೆಯೇ ಇರಲಿಲ್ಲ. ಆದ್ದರಿಂದಲೇ ಸುಳ್ಳು ಹೇಳಲು ಕಾರಣವೂ ಇರಲಿಲ್ಲ.

ಕಾಲ: ಎರಡು ಲೆಕ್ಕ

ಶಾಸನ ತನ್ನ ಕಾಲವನ್ನು ಎರಡು ರೀತಿಯಲ್ಲಿ ಕೊಡುತ್ತದೆ: ಭಾರತ ಯುದ್ಧದಿಂದ 3735 ವರ್ಷ, ಶಕ ರಾಜರ 556 ವರ್ಷ, ಎರಡೂ ಕಳೆದ ವರ್ಷಗಳು. ಶಕ ವರ್ಷಕ್ಕೆ 78 ಕೂಡಿಸಿದರೆ 634. ಮೊದಲನೆಯದನ್ನು ಕಲಿಯುಗದ ಲೆಕ್ಕವೆಂದು ಹಿಡಿದು 3101 ಕಳೆದರೂ 634. ಎರಡು ದಾರಿಯೂ ಒಂದೇ ಕಡೆ ಸೇರುವುದರಿಂದ ಶಾಸನದ ಕಾಲ ಕ್ರಿ.ಶ. 634-35 ಎಂಬುದರಲ್ಲಿ ಸಂಶಯ ಉಳಿಯುವುದಿಲ್ಲ.

ಇಲ್ಲೇ ಹಲವರು ಎಡವುತ್ತಾರೆ. "ಭಾರತ ಯುದ್ಧ ಕ್ರಿ.ಪೂ. 3102ರಲ್ಲಿ ನಡೆಯಿತೆಂದು ಐಹೊಳೆ ಶಾಸನ ಸಾಬೀತು ಮಾಡುತ್ತದೆ" ಎಂದು ಬರೆದುಬಿಡುತ್ತಾರೆ. ಬರೆದವನಿಗೂ ಆ ಘಟನೆಗೂ ನಡುವೆ ಅವನದೇ ಲೆಕ್ಕದಲ್ಲಿ 3735 ವರ್ಷದ ಅಂತರವಿದೆ. 7ನೇ ಶತಮಾನದ ವಿದ್ಯಾವಂತರು ಹಾಗೆ ಎಣಿಸುತ್ತಿದ್ದರು ಎನ್ನುವುದಕ್ಕೆ ಇದು ಪ್ರಾಥಮಿಕ ಆಕರ, ಯುದ್ಧಕ್ಕೆ ಅಲ್ಲ. ಬಸದಿ ಕಟ್ಟಿದ್ದಕ್ಕೆ ಅಂತರ ಸೊನ್ನೆ, ಹರ್ಷನ ಯುದ್ಧಕ್ಕೆ ಕನಿಷ್ಠ ಹದಿನೈದು ವರ್ಷ. ಒಂದೊಂದು ಹೇಳಿಕೆಗೂ ಈ ಅಂತರವನ್ನು ಬೇರೆಬೇರೆಯಾಗಿ ಲೆಕ್ಕ ಹಾಕಬೇಕು.

ಎದುರು ಪಕ್ಷದ ಮಾತು

ಹರ್ಷನ ಸೋಲಿಗೆ ರವಿಕೀರ್ತಿಯೊಬ್ಬನೇ ಸಾಕ್ಷಿಯಾಗಿದ್ದರೆ ಅನುಮಾನ ಉಳಿಯುತ್ತಿತ್ತು. ಹ್ಯೂಯೆನ್ ತ್ಸಾಂಗ್ ಇದ್ದಾನೆ. ಅವನು ಹರ್ಷನ ಅತಿಥಿ, ಅವನಿಂದ ಸತ್ಕಾರ ಪಡೆದವನು, ಅವನನ್ನು ಬಾಯ್ತುಂಬ ಹೊಗಳಿದವನು. ಚೀನಾಕ್ಕೆ ಮರಳಿದ ಮೇಲೆ, 646ರಲ್ಲಿ ಮುಗಿಸಿದ ವೃತ್ತಾಂತದಲ್ಲಿ, ಹರ್ಷ ತಾನೇ ಸೈನ್ಯ ನಡೆಸಿ ಹೋದರೂ ಪುಲಕೇಶಿಯ ನಾಡನ್ನು ಗೆಲ್ಲಲಾಗಲಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ತನ್ನ ಒಲವಿಗೆ ವಿರುದ್ಧವಾಗಿ ಹೇಳಿದ ಮಾತಿಗೆ ತೂಕ ಹೆಚ್ಚು. ಆದರೆ ಇಬ್ಬರ ಮಾತಿನ ವ್ಯತ್ಯಾಸ ಗಮನಿಸಿ: ಒಬ್ಬ "ಹರ್ಷ ಸೋತ" ಎನ್ನುತ್ತಾನೆ, ಇನ್ನೊಬ್ಬ "ಗೆಲ್ಲಲಾಗಲಿಲ್ಲ" ಎನ್ನುತ್ತಾನೆ. ಹರ್ಷನ ದಂಡಯಾತ್ರೆ ವಿಫಲವಾಯಿತು, ಇಷ್ಟಕ್ಕೆ ಇಬ್ಬರ ಒಪ್ಪಿಗೆಯೂ ಇದೆ. ಉತ್ತರದಲ್ಲಿ ಅಷ್ಟನ್ನೇ ಖಚಿತವೆಂದು ಬರೆಯಿರಿ.

ಪಲ್ಲವರ ವಿಷಯದಲ್ಲೂ ಪದಗಳನ್ನು ನಿಧಾನವಾಗಿ ಓದಬೇಕು. ಪುಲಕೇಶಿಯ ಸೇನೆಯ ಧೂಳು ಮುಸುಕಿ ಪಲ್ಲವ ದೊರೆ ಕಾಂಚಿಯ ಕೋಟೆಯ ಮರೆಗೆ ಸರಿದ ಎಂದು ರವಿಕೀರ್ತಿ ಬರೆದಿದ್ದಾನೆ. ಕಾಂಚಿಯನ್ನು ಹಿಡಿದ ಎಂದು ಬರೆದಿಲ್ಲ. ಹಿಡಿದಿದ್ದರೆ ಅದನ್ನು ಬಿಡುವ ಕವಿ ಇವನಲ್ಲ. ಪಲ್ಲವ ದೊರೆ ನರಸಿಂಹವರ್ಮ ಪರಿಯಾಳ, ಮಣಿಮಂಗಲ, ಶೂರಮಾರಗಳಲ್ಲಿ ಪುಲಕೇಶಿಯನ್ನು ಸೋಲಿಸಿದನೆಂದು ಅವನ ಮೊಮ್ಮಗನ ಕಾಲದ ಕೂರಂ ತಾಮ್ರಪಟ ಹೊಗಳುತ್ತದೆ. ಇದೂ ಪ್ರಶಸ್ತಿಯೇ, ಇದಕ್ಕೂ ಅದೇ ಅನುಮಾನ ಸಲ್ಲುತ್ತದೆ. ಆದರೆ ಮಣಿಮಂಗಲ ಇರುವುದು ಕಾಂಚಿಯ ಸೀಮೆಯಲ್ಲೇ. ಚಾಲುಕ್ಯ ಸೇನೆ ಅಲ್ಲಿಯವರೆಗೆ ಬಂದಿತ್ತೆಂದು ಗೆದ್ದವರ ದಾಖಲೆಯೇ ತಿಳಿಯದೆ ಹೇಳಿಬಿಟ್ಟಿದೆ.

ಬಾದಾಮಿ ಪಲ್ಲವರ ವಶವಾದದ್ದು ಐಹೊಳೆ ಶಾಸನದಲ್ಲಿ ಯಾಕಿಲ್ಲ? "ಸೋಲನ್ನು ಮುಚ್ಚಿಟ್ಟಿದ್ದಾನೆ" ಎಂದು ಬರೆಯುವ ಮುನ್ನ ಕಾಲ ನೋಡಿ. ಆ ಘಟನೆ ಸುಮಾರು 642ರದ್ದು, ಶಾಸನ 634-35ರದ್ದು.

ಮೌನದ ವಿಷಯದಲ್ಲಿ ಇನ್ನೂ ದೊಡ್ಡ ಎಡವಟ್ಟು ಆಗಿದ್ದು ಹರ್ಷ ಯುದ್ಧದ ಕಾಲ ನಿರ್ಣಯದಲ್ಲಿ. 630ರ ಲೋಹನೇರ್ ತಾಮ್ರಪಟ ಪುಲಕೇಶಿಯನ್ನು ಹೊಗಳಿದರೂ ಹರ್ಷನ ಹೆಸರೆತ್ತುವುದಿಲ್ಲ. ಹಾಗಾದರೆ ಯುದ್ಧ 630 ಮತ್ತು 634ರ ನಡುವೆ ನಡೆದಿರಬೇಕು ಎಂದು ಕೆಲವು ಇತಿಹಾಸಕಾರರು ತೀರ್ಮಾನಿಸಿದ್ದರು, ಪಠ್ಯಗಳಿಗೂ ಅದು ಇಳಿಯಿತು. ಆಮೇಲೆ ಬಿಜಾಪುರ–ಮುಂಬೈ ತಾಮ್ರಪಟ ಓದಲಾಯಿತು. ಅದರ ಕಾಲ 619, ಹರ್ಷನ ಮೇಲಿನ ಗೆಲುವು ಅದರಲ್ಲಾಗಲೇ ಇದೆ. ಯುದ್ಧದ ಕಾಲ ಒಮ್ಮೆಗೇ ಹತ್ತು ವರ್ಷಕ್ಕೂ ಹೆಚ್ಚು ಹಿಂದೆ ಸರಿಯಿತು. ಲೋಹನೇರ್ ಪಟ ಸುಳ್ಳು ಹೇಳಿರಲಿಲ್ಲ. ಅದು ಭೂದಾನದ ಪತ್ರ, ರಾಜನ ಎಲ್ಲ ಗೆಲುವುಗಳನ್ನೂ ಪಟ್ಟಿ ಮಾಡುವುದು ಅದರ ಕೆಲಸವೇ ಆಗಿರಲಿಲ್ಲ.