14 ಟನ್ ಹೈಡ್ರಾ 3 ಟನ್ ಕಂಬಿಗೇ ಹಿಂಚಕ್ರ ಎತ್ತಿದ್ದೇಕೆ?

ಪ್ರಶ್ನೆ: ನಮ್ಮ ಸೈಟಿನಲ್ಲಿ 14 ಟನ್ ಹೈಡ್ರಾ ಕ್ರೇನ್ ಇದೆ. 25 ಎಂಎಂ ಕಂಬಿಯ ಒಂದು ಕಟ್ಟನ್ನು ಫೌಂಡೇಶನ್ ಗುಂಡಿಯೊಳಗೆ ಇಳಿಸಲು ಬೂಮ್ ಚಾಚಿದಾಗ ಹಿಂದಿನ ಚಕ್ರಗಳು ನೆಲ ಬಿಟ್ಟವು. ಕಟ್ಟು ಹೆಚ್ಚೆಂದರೆ 3 ಟನ್. ಯಂತ್ರದಲ್ಲಿ ದೋಷವಿದೆಯೇ? ನಾಲ್ಕು ಜನ ಹಿಂದೆ ನಿಂತರೆ ಸರಿಹೋಗುತ್ತದೆ ಎನ್ನುತ್ತಾರೆ, ನಿಜವೇ?

ಉತ್ತರ: ನೀವು ಹೇಳಿದ್ದನ್ನು ನೋಡಿದರೆ ಯಂತ್ರ ಸರಿಯಾಗಿಯೇ ಇರಬಹುದು. ತಪ್ಪು ಇರುವುದು "14 ಟನ್" ಎಂಬ ಮಾತನ್ನು ಅರ್ಥಮಾಡಿಕೊಂಡ ರೀತಿಯಲ್ಲಿ. ಬೂಮ್ ಪೂರ್ತಿ ಒಳಗಿದ್ದು, ಭಾರ ಮುಂದಿನ ಚಕ್ರದ ಹತ್ತಿರವೇ ನೇತಾಡುವಾಗ ಮಾತ್ರ ಹೈಡ್ರಾ 14 ಟನ್ ಎತ್ತುತ್ತದೆ. ಭಾರ ಮುಂದಕ್ಕೆ ಹೋದಂತೆ ಮುಂದಿನ ಚಕ್ರವೇ ತಕ್ಕಡಿಯ ನಡುಗಂಬವಾಗುತ್ತದೆ. ಒಂದು ಕಡೆ ಯಂತ್ರದ ತೂಕ, ಇನ್ನೊಂದು ಕಡೆ ಕಂಬಿ ಮತ್ತು ಬೂಮಿನ ತೂಕ. ಕಂಬಿ ಅಷ್ಟೇ ಇದ್ದರೂ ದೂರ ಹೆಚ್ಚಾದರೆ ಆ ಕಡೆ ವಾಲುತ್ತದೆ.

ಈ ದೂರಕ್ಕೆ ರೇಡಿಯಸ್ ಎನ್ನುತ್ತಾರೆ. ಇದು ಬೂಮಿನ ಉದ್ದವಲ್ಲ, ನೆಲದ ಮೇಲೆ ಅಡ್ಡಲಾಗಿ ಅಳೆಯುವ ದೂರ. ತಿರುಗುವ ಕ್ರೇನಿನಲ್ಲಿ ಅದನ್ನು ತಿರುಗುವ ನಡುಬಿಂದುವಿನಿಂದ ಹುಕ್ಕಿನವರೆಗೆ ಅಳೆಯಬೇಕು. ಹೈಡ್ರಾದಲ್ಲಿ, ಎಷ್ಟು ದೂರಕ್ಕೆ ಎಷ್ಟು ಭಾರ ಎತ್ತಬಹುದೆಂದು ತಿಳಿಸುವ ಚಾರ್ಟುಗಳಲ್ಲಿ ಕೆಲವು ಮುಂದಿನ ಆಕ್ಸಲ್‌ನಿಂದ, ಕೆಲವು ಮುಂದಿನ ಟೈರ್ ಅಥವಾ ಬಂಪರ್‌ನಿಂದ ಅಳೆಯುತ್ತವೆ. ಚಾರ್ಟಿನ ಚಿತ್ರದಲ್ಲಿ ಬಾಣ ಎಲ್ಲಿಂದ ಹೊರಟಿದೆ ಎಂದು ಮೊದಲು ನೋಡಿ. ಅರ್ಧ ಮೀಟರ್ ತಪ್ಪಿದರೂ ಲೆಕ್ಕ ಕೆಡುತ್ತದೆ.

ನಿಮ್ಮ ಕಟ್ಟನ್ನೇ ತೂಗೋಣ. ಕಂಬಿಯ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 25 ಎಂಎಂಗೆ ಅದು 3.86 ಕಿಲೋ. 12 ಮೀಟರಿನ ಒಂದು ಕಂಬಿ ಸುಮಾರು 46 ಕಿಲೋ. ಕಟ್ಟಿನಲ್ಲಿ 64 ಕಂಬಿ ಇದ್ದರೆ 2,960 ಕಿಲೋ. ಇದಕ್ಕೆ ಹುಕ್ ಬ್ಲಾಕ್, ಸ್ಲಿಂಗ್, ಶ್ಯಾಕಲ್‌ಗಳ ತೂಕವನ್ನೂ ಸೇರಿಸಬೇಕು. ಸಾಮಾನ್ಯವಾಗಿ ಚಾರ್ಟಿನ ಅಂಕಿ ಇವೆಲ್ಲವನ್ನೂ ಸೇರಿಸಿ ಕೊಟ್ಟಿರುತ್ತದೆ. 150 ಕಿಲೋ ಎಂದು ಹಿಡಿದರೆ ಒಟ್ಟು 3.1 ಟನ್.

ಚಾರ್ಟು ಒಂದೊಂದು ಮಾದರಿಗೆ ಒಂದೊಂದು ರೀತಿ ಇರುತ್ತದೆ. ಲೆಕ್ಕ ತಿಳಿಯಲೆಂದು ಇಲ್ಲಿ ಹೀಗೆ ಇಟ್ಟುಕೊಳ್ಳೋಣ: 1.5 ಮೀಟರಿಗೆ 14 ಟನ್, 5 ಮೀಟರಿಗೆ 3.4 ಟನ್, 7 ಮೀಟರಿಗೆ 2.1 ಟನ್. ಲಾರಿಯಿಂದ ಎತ್ತುವಾಗ ನೀವು 5 ಮೀಟರಿನಲ್ಲಿದ್ದಿರಿ, 3.1 ಟನ್ ಹೇಗೋ ನಡೆಯಿತು. ಗುಂಡಿಯ ಮೇಲೆ 7 ಮೀಟರಿಗೆ ಚಾಚಿದಾಗ 2.1ರ ಜಾಗದಲ್ಲಿ 3.1 ನೇತಾಡುತ್ತಿತ್ತು. ಒಂದು ಮಾತು ನೆನಪಿರಲಿ. ಚಾರ್ಟಿನ ಅಂಕಿ ಪಲ್ಟಿಯಾಗುವ ಅಂಕಿಯಲ್ಲ. ಪಲ್ಟಿಯಾಗುವ ಭಾರದ ಮುಕ್ಕಾಲು ಪಾಲು ಅಥವಾ ಅದಕ್ಕೂ ಕಡಿಮೆ ಭಾರವನ್ನೇ ಅಲ್ಲಿ ಬರೆದಿರುತ್ತಾರೆ. ಹಿಂಚಕ್ರ ಎದ್ದಿತೆಂದರೆ ಆ ಮೀಸಲೂ ಪೂರ್ತಿ ಖರ್ಚಾಗಿತ್ತು ಎಂದರ್ಥ. ಹಿಂದಿನ ಚಕ್ರದಲ್ಲಿ ಸ್ಟೀರಿಂಗ್ ಇರುವ ಮಾದರಿಯಾದರೆ ಆ ಹೊತ್ತಿಗೆ ಡ್ರೈವರ್ ಕೈಯಲ್ಲಿ ಯಂತ್ರವೂ ಇರುವುದಿಲ್ಲ. ಚಾರ್ಟು ಗಟ್ಟಿಯಾದ ಸಮತಟ್ಟು ನೆಲಕ್ಕೆ ಬರೆದದ್ದು. ಗುಂಡಿಯ ಅಂಚಿನಲ್ಲಿ ಬಹುತೇಕ ತೂಕವೆಲ್ಲ ಮುಂದಿನ ಎರಡು ಚಕ್ರಗಳ ಮೇಲೆ ಬಿದ್ದಿರುತ್ತದೆ. ಆದ್ದರಿಂದ ಅಂಚಿನಿಂದ ಕನಿಷ್ಠ ಗುಂಡಿಯ ಆಳದಷ್ಟಾದರೂ ದೂರ ಬಿಡಿ. ಎರೆಮಣ್ಣಿನಲ್ಲಿ ಮಳೆಯಾದ ಮೇಲೆ ಅದೂ ಸಾಲದು.

ಇನ್ನು ಸ್ಲಿಂಗ್. ನೀವು ಕೇಳದಿದ್ದರೂ ಹೇಳಲೇಬೇಕು, ಏಕೆಂದರೆ ಇದೇ ಕಟ್ಟಿನಲ್ಲಿ ಅದೂ ಹರಿಯಬಹುದಿತ್ತು. 12 ಮೀಟರಿನ ಕಂಬಿ ನಡುವೆ ಬಾಗಿ ಜೋತುಬೀಳದಿರಲು ಎರಡೂ ತುದಿಯಿಂದ 3 ಮೀಟರ್ ಒಳಗೆ ಕಟ್ಟುತ್ತಾರೆ. ಆಗ ಸ್ಲಿಂಗ್ ಕಟ್ಟಿದ ಎರಡು ಜಾಗಗಳ ನಡುವೆ 6 ಮೀಟರ್. ಸ್ಲಿಂಗಿನ ಒಂದೊಂದು ಕಾಲು 4 ಮೀಟರ್ ಉದ್ದವಿದ್ದರೆ ಹುಕ್ಕು ಕಂಬಿಯಿಂದ 2.65 ಮೀಟರ್ ಮಾತ್ರ ಮೇಲಿರುತ್ತದೆ. ಒಂದು ಕಾಲಿನ ಎಳೆತ ಕಂಡುಹಿಡಿಯಲು ಭಾರದ ಅರ್ಧವನ್ನು ಕಾಲಿನ ಉದ್ದದಿಂದ ಗುಣಿಸಿ, ಆ ಎತ್ತರದಿಂದ ಭಾಗಿಸಿ. 1.5 × 4 ÷ 2.65, ಅಂದರೆ 2.26 ಟನ್. 3 ಟನ್ ಭಾರವನ್ನು ಎರಡು ಕಾಲು ಹಂಚಿಕೊಂಡರೂ ಒಂದೊಂದರ ಪಾಲಿಗೆ ಒಂದೂವರೆ ಟನ್ ಅಲ್ಲ, ಎರಡೂಕಾಲು ಟನ್. ಸ್ಲಿಂಗ್ ಮಲಗಿದಷ್ಟೂ ಇದು ಏರುತ್ತದೆ. ನೆಲಕ್ಕೆ 30 ಡಿಗ್ರಿಗೆ ಬಂದರೆ ಒಂದೊಂದು ಕಾಲಿಗೂ ಪೂರ್ತಿ 3 ಟನ್.

ಸೈಟಿನಲ್ಲಿ ಕೋನಮಾಪಕ ಬೇಕಿಲ್ಲ. ಸ್ಲಿಂಗ್ ಕಟ್ಟಿದ ಎರಡು ಜಾಗಗಳ ನಡುವಿನ ಅಂತರ ಮತ್ತು ಒಂದು ಕಾಲಿನ ಉದ್ದ ಸಮನಾಗಿದ್ದರೆ ನೆಲಕ್ಕೆ 60 ಡಿಗ್ರಿ. ಇಲ್ಲಿ 6 ಮೀಟರಿನ ಕಾಲು ಹಾಕಿದರೆ ಎಳೆತ 1.73 ಟನ್ನಿಗೆ ಇಳಿಯುತ್ತದೆ. ಆದರೂ 2 ಟನ್ ಚೀಟಿಯ ಸ್ಲಿಂಗ್ ಸಾಲದು. ಕಂಬಿಗೆ ಉರುಲು ಹಾಕಿ ಎತ್ತುತ್ತೇವೆ, ಉರುಲಿನಲ್ಲಿ ಸ್ಲಿಂಗಿನ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲು ಹೋಗಿ 1.6 ಟನ್ ಉಳಿಯುತ್ತದೆ. 3 ಟನ್ನಿನ ಸ್ಲಿಂಗ್ ತೆಗೆದುಕೊಳ್ಳಿ, 2.4 ಟನ್ ಸಿಗುತ್ತದೆ. ಚೀಟಿಯ ಮೇಲಿನ "0–45°" ಎಂಬುದು ನೆಲದಿಂದ ಅಳೆದ ಕೋನವಲ್ಲ, ನೇರ ಲಂಬದಿಂದ ಅಳೆದದ್ದು. ಇದನ್ನು ತಿರುವುಮುರುವಾಗಿ ಓದುವವರು ಬಹಳ. ಕಂಬಿಯ ಏಣುಗಳು ಬಟ್ಟೆಯ ಬೆಲ್ಟನ್ನು ಕೊಯ್ಯುತ್ತವೆ, ಆದ್ದರಿಂದ ವೈರ್ ರೋಪ್ ಅಥವಾ ಚೈನ್ ಬಳಸಿ. ಎರಡು ಸುತ್ತು ಹಾಕಿ ಉರುಲು ಬಿಗಿದರೆ ನಡುವಿನ ಕಂಬಿ ಜಾರುವುದಿಲ್ಲ. ಕಟ್ಟು ಬಿಗಿದಿರುವ ತಂತಿಗೇ ಹುಕ್ಕು ಸಿಕ್ಕಿಸುವುದಂತೂ ಬೇಡವೇ ಬೇಡ.

ಉದ್ದದ ಸ್ಲಿಂಗಿಗೆ ಒಂದು ಬೆಲೆಯಿದೆ. 6 ಮೀಟರಿನ ಕಾಲಿಗೆ ಹುಕ್ಕು ಕಂಬಿಯಿಂದ 5.2 ಮೀಟರ್ ಮೇಲಿರಬೇಕು. ಅಷ್ಟು ಎತ್ತರ ಸಿಗಲು ಬೂಮ್ ಉದ್ದ ಮಾಡಿದರೆ ಚಾರ್ಟನ್ನು ಮತ್ತೆ ನೋಡಬೇಕು. ಎರಡೂ ಹೊಂದದಿದ್ದರೆ ಕಟ್ಟನ್ನು ಒಡೆದು 32 ಕಂಬಿಗಳಂತೆ ಎರಡು ಸಲ ಇಳಿಸಿ. ಕಟ್ಟು ಸುಮಾರು 1.5 ಟನ್, ಹುಕ್ಕು ಸ್ಲಿಂಗ್ ಸೇರಿ 1.65 ಟನ್; ನಾವು ಇಟ್ಟುಕೊಂಡ ಚಾರ್ಟಿನ 7 ಮೀಟರಿನ 2.1ರೊಳಗೆ ಬರುತ್ತದೆ. ನಿಮ್ಮ ಕೆಲಸಕ್ಕೆ ಇದೇ ಸರಿಯಾದ ದಾರಿ.

ಸಿಗ್ನಲ್ ಕೊಡುವವನು ಒಬ್ಬನೇ ಇರಬೇಕು, ಅವನು ಯಾರೆಂದು ಡ್ರೈವರ್‌ಗೆ ಎತ್ತುವ ಮೊದಲೇ ಗೊತ್ತಿರಬೇಕು. "ನಿಲ್ಲಿಸು" ಎಂಬ ಸನ್ನೆಯನ್ನು ಮಾತ್ರ ಯಾರು ಕೊಟ್ಟರೂ ನಿಲ್ಲಬೇಕು. ಡ್ರೈವರ್ ಮಾತು ಹಿಂದಿ, ಕಂಬಿಯವರದ್ದು ಕನ್ನಡ, ಮೇಸ್ತ್ರಿಯದ್ದು ತೆಲುಗು ಇರುವ ಸೈಟಿನಲ್ಲಿ ಕೂಗಿದರೆ ಪ್ರಯೋಜನವಿಲ್ಲ, ಕೈಸನ್ನೆಯೇ ಭಾಷೆ. ತೋರುಬೆರಳು ಮೇಲಕ್ಕೆ ಮಾಡಿ ಸಣ್ಣ ಸುತ್ತು ಹಾಕಿದರೆ ಎತ್ತು, ಕೈ ಕೆಳಗಿಳಿಸಿ ಬೆರಳು ನೆಲದತ್ತ ಮಾಡಿ ಸುತ್ತಿದರೆ ಇಳಿಸು. ಅವನು ಮೊದಲು ಕಟ್ಟನ್ನು ಒಂದು ಗೇಣು ಎತ್ತಿಸಿ ನಿಲ್ಲಿಸಬೇಕು. ಕಟ್ಟು ಒಂದು ಕಡೆ ವಾಲಿದೆಯೇ, ಉರುಲು ಸರಿಯುತ್ತಿದೆಯೇ, ಹಿಂದಿನ ಟೈರ್ ನೆಲಕ್ಕೆ ಚೆನ್ನಾಗಿ ಕೂತಿದೆಯೇ ಎಂದು ನೋಡಿ ಮುಂದಿನ ಸನ್ನೆ ಕೊಡಬೇಕು. ಸನ್ನೆ ಕೊಡುವವನು ಕಾಣದೆ ಹೋದರೆ ಡ್ರೈವರ್ ಅಲ್ಲೇ ನಿಲ್ಲಿಸಬೇಕು.

ಹೈಡ್ರಾ ಕಟ್ಟು ಹೊತ್ತು ನಡೆಯುವಾಗ ಹೆಲ್ಪರ್ ಕಂಬಿಯನ್ನು ಕೈಯಲ್ಲಿ ಹಿಡಿದು ಯಂತ್ರದ ಮುಂದೆ ಹಿಮ್ಮೆಟ್ಟಿ ನಡೆಯುವುದು ನಮ್ಮ ಸೈಟುಗಳಲ್ಲಿ ದಿನನಿತ್ಯ ಕಾಣುತ್ತದೆ. ಎಡವಿ ಬಿದ್ದರೆ ಅವನು ನೇರ ಚಕ್ರದ ಕೆಳಗೆ. ಡ್ರೈವರ್‌ಗೆ ಬೂಮ್ ಅಡ್ಡ ಇರುವುದರಿಂದ ಅವನು ಬಿದ್ದದ್ದೂ ಕಾಣುವುದಿಲ್ಲ. ಕಟ್ಟಿನ ಎರಡೂ ತುದಿಗೆ ಉದ್ದನೆಯ ಹಗ್ಗ ಕಟ್ಟಿ, ಪಕ್ಕದಲ್ಲಿ ದೂರ ನಿಂತು ಹಿಡಿಯಲಿ. ಕಟ್ಟು ನೆಲಕ್ಕೆ ಹತ್ತಿರವೇ ಇರಲಿ, ವೇಗ ನಡಿಗೆಯಷ್ಟೇ ಇರಲಿ.

ಹಿಂದೆ ಜನ ನಿಲ್ಲಿಸುವ ಮಾತಿಗೆ ಬರೋಣ. ದಯವಿಟ್ಟು ಅದನ್ನು ಮಾಡಬೇಡಿ. ನಾಲ್ಕು ಜನರ ತೂಕ 260 ಕಿಲೋ ಎಂದುಕೊಂಡರೂ ನೀವು ಮೀರಿರುವುದು ಒಂದು ಟನ್. ಚಾರ್ಟಿನಲ್ಲಿ ಕಡಿಮೆ ರೇಡಿಯಸ್ಸಿನ ಅಂಕಿಗಳು ಹೆಚ್ಚಾಗಿ ಬೂಮ್ ಮತ್ತು ಸಿಲಿಂಡರ್ ತಾಳುವ ಮಿತಿ. ಅಲ್ಲಿ ಹಿಂದೆ ತೂಕ ಹಾಕಿದರೆ ಚಕ್ರ ಏಳುವ ಎಚ್ಚರಿಕೆಯೂ ಸಿಗದೆ ಬೂಮೇ ಮುರಿಯಬಹುದು. ಸ್ಲಿಂಗ್ ಹರಿದರೆ ಯಂತ್ರ ಹಿಂದಕ್ಕೆ ಧೊಪ್ಪೆಂದು ಕುಸಿಯುತ್ತದೆ, ಹಿಂದೆ ನಿಂತವರು ಎಗರಿಬೀಳುತ್ತಾರೆ. ಮತ್ತೆ ಎಂದಾದರೂ ಚಕ್ರ ಎದ್ದರೆ ಬೂಮ್ ಕೆಳಗಿಳಿಸಬೇಡಿ, ಅದರಿಂದ ರೇಡಿಯಸ್ ಇನ್ನೂ ಹೆಚ್ಚುತ್ತದೆ. ಕೆಳಗೆ ಯಾರೂ ಇಲ್ಲವೆಂದು ನೋಡಿಕೊಂಡು ಹುಕ್ಕಿನ ರೋಪನ್ನು ನಿಧಾನವಾಗಿ ಬಿಟ್ಟು ಕಟ್ಟನ್ನು ನೆಲಕ್ಕೆ ಕೂರಿಸಿ, ನಡುವೆ ಜರ್ಕ್ ಹೊಡೆದು ನಿಲ್ಲಿಸಬೇಡಿ.